ಬಂಗು, ಆಲ್ಫಾ ಆರ್ಬುಟಿನ್ ಮತ್ತು ನಾಲ್ಕು ತಿಂಗಳು ಬಂದ ಸನ್‌ಸ್ಕ್ರೀನ್ ಟ್ಯೂಬ್

ಪ್ರಶ್ನೆ: ಡಾಕ್ಟರ್ ಮೇಡಂ, ನಾನು ಚಿತ್ರದುರ್ಗದಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ವಯಸ್ಸು 36. ಎರಡನೇ ಹೆರಿಗೆ ಆದಮೇಲೆ ಎರಡೂ ಕೆನ್ನೆಗೆ, ಮೇಲ್ದುಟಿ ಮೇಲೆ ಬಂಗು ಬಂದಿದೆ. ಹೋದ ವರ್ಷ ಮೆಡಿಕಲ್ ಶಾಪ್‌ನವರು ಕೊಟ್ಟ ಕ್ರೀಮ್ ಹಚ್ಚಿದೆ. ಮೂರು ವಾರಕ್ಕೇ ಮುಖ ತಿಳಿಯಾಯಿತು, ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಬಂತು. ಈಗ ಆರು ವಾರದಿಂದ 2% ಆಲ್ಫಾ ಆರ್ಬುಟಿನ್ ಸೀರಮ್ ಹಚ್ಚುತ್ತಿದ್ದೇನೆ, ಏನೂ ವ್ಯತ್ಯಾಸ ಕಾಣುತ್ತಿಲ್ಲ. ಸನ್‌ಸ್ಕ್ರೀನ್ ದಿನಾ ಬೆಳಿಗ್ಗೆ ಹಚ್ಚುತ್ತೇನೆ, 50 ಗ್ರಾಂ ಟ್ಯೂಬ್ ನಾಲ್ಕು ತಿಂಗಳು ಬರುತ್ತದೆ. ಸ್ಕೂಟಿಯಲ್ಲಿ ಹೋಗಿ ಬರುವುದು ಬಿಟ್ಟರೆ ಕ್ಲಾಸ್ ಒಳಗೇ ಇರುತ್ತೇನೆ. ವಿಟಮಿನ್ ಸಿ, ನಿಯಾಸಿನಮೈಡ್, ಟ್ರಾನೆಕ್ಸಾಮಿಕ್ ಇವನ್ನೂ ಸೇರಿಸಬೇಕಾ? ಎಷ್ಟು ದಿನ ಕಾಯಬೇಕು?

ಉತ್ತರ: ಸದ್ಯಕ್ಕೆ ಸೀರಮ್ ಬದಲಿಸಬೇಡಿ. ಹೊಸದನ್ನು ಕೊಳ್ಳಲೂ ಬೇಡಿ. ನಿಮ್ಮ ಸೀರಮ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ಹೇಳುವ ಕಾಲ ಇನ್ನೂ ಬಂದಿಲ್ಲ. ಆದರೆ ಅದು ಕೆಲಸ ಮಾಡಲು ಏನು ಅಡ್ಡ ಬರುತ್ತಿದೆ ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ನಾಲ್ಕು ತಿಂಗಳು ಬಂದ ಆ ಟ್ಯೂಬ್.

ಒಂದು ಸಣ್ಣ ಲೆಕ್ಕ ಮಾಡೋಣ. 50 ಗ್ರಾಂ ಟ್ಯೂಬನ್ನು 120 ದಿನಕ್ಕೆ ಹಂಚಿದರೆ ದಿನಕ್ಕೆ ಬರುವುದು 0.4 ಗ್ರಾಂ. ಸನ್‌ಸ್ಕ್ರೀನ್ ಮೇಲೆ ಎಸ್‌ಪಿಎಫ್ 50 ಎಂದು ಬರೆಯುವ ಮೊದಲು ಕಂಪನಿಯವರು ಅದನ್ನು ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಯಲ್ಲಿ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮುಖ, ಕಿವಿ, ಕುತ್ತಿಗೆಯ ಮುಂಭಾಗಕ್ಕೆ ಇದೇ ಪ್ರಮಾಣದಲ್ಲಿ ಹಚ್ಚಿದರೆ ಒಂದು ಸಲಕ್ಕೆ ಹತ್ತಿರ ಹತ್ತಿರ 1.2 ಗ್ರಾಂ ಬೇಕು. ನೀವು ಹಚ್ಚುತ್ತಿರುವುದು ಅದರ ಮೂರನೇ ಒಂದು ಭಾಗ. ಟ್ಯೂಬ್ ಮೇಲೆ 50 ಎಂದಿದ್ದರೂ ನಿಮ್ಮ ಕೆನ್ನೆ ಮೇಲೆ ಅದರ ಮೂರನೇ ಒಂದು ಭಾಗವೋ, ಅದಕ್ಕಿಂತ ಕಡಿಮೆಯೋ ಉಳಿದಿರುತ್ತದೆ. ಮಧ್ಯಾಹ್ನ ಮತ್ತೆ ಹಚ್ಚುವ ಪದ್ಧತಿ ಇಲ್ಲದಿದ್ದರೆ, ಸಂಜೆ ಶಾಲೆ ಬಿಡುವ ಹೊತ್ತಿಗೆ ಅಷ್ಟೂ ಇರುವುದಿಲ್ಲ.

ಇದು ನಿಮ್ಮೊಬ್ಬರ ಕಥೆಯಲ್ಲ. ದಾವಣಗೆರೆಯಲ್ಲಿ ನನ್ನ ಕ್ಲಿನಿಕ್‌ಗೆ ಬಂಗು ತೋರಿಸಲು ಬರುವವರನ್ನು "ಸನ್‌ಸ್ಕ್ರೀನ್ ಹಚ್ತೀರಾ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅದಕ್ಕೇ ನಾನೀಗ ಆ ಪ್ರಶ್ನೆ ಬಿಟ್ಟು "ಟ್ಯೂಬ್ ಎಷ್ಟು ದಿನ ಬರುತ್ತೆ?" ಎಂದು ಕೇಳುತ್ತೇನೆ. ನೀವು ಕೇಳದೆಯೇ ಹೇಳಿಬಿಟ್ಟಿರಿ, ಒಳ್ಳೆಯದಾಯಿತು.

ಸೀರಮ್‌ಗೂ ಸನ್‌ಸ್ಕ್ರೀನ್‌ಗೂ ಏನು ಸಂಬಂಧ ಅನ್ನುವುದು ತಿಳಿಯಬೇಕಾದರೆ ಆಲ್ಫಾ ಆರ್ಬುಟಿನ್ ಮಾಡುವ ಕೆಲಸ ಏನು ಎಂದು ನೋಡಬೇಕು. ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಬಿಸಿಲು, ಗರ್ಭಿಣಿಯಾಗಿದ್ದಾಗಿನ ಹಾರ್ಮೋನು, ಉರಿಯೂತ, ಇವು ಯಾವುದು ಕೆಣಕಿದರೂ ಆ ಕೋಶಗಳು ಮೆಲನಿನ್ ಅನ್ನುವ ಬಣ್ಣವನ್ನು ಜಾಸ್ತಿ ತಯಾರಿಸುತ್ತವೆ. ಅದಕ್ಕೆ ಅವು ಬಳಸುವ ಮುಖ್ಯ ಕಿಣ್ವದ ಹೆಸರು ಟೈರೋಸಿನೇಸ್. ಆಲ್ಫಾ ಆರ್ಬುಟಿನ್ ಆ ಕಿಣ್ವಕ್ಕೆ ಅಡ್ಡ ಕೂತು ಅದರ ವೇಗ ಕಡಿಮೆ ಮಾಡುತ್ತದೆ. ಅದರ ಕೆಲಸ ಅಷ್ಟೇ. ಈಗಾಗಲೇ ತಯಾರಾಗಿ ಮೇಲೆ ಬಂದಿರುವ ಬಣ್ಣವನ್ನು ಅದು ಮುಟ್ಟುವುದಿಲ್ಲ. ಬೋರ್ಡ್ ಒರೆಸುವ ಡಸ್ಟರ್ ಹಾಗೆ ಕಲೆಯನ್ನು ಒರೆಸಿ ತೆಗೆಯುವ ವಸ್ತು ಅದಲ್ಲ.

ಈಗ ನಿಮ್ಮ ದಿನ ನೋಡಿ. ರಾತ್ರಿ ನಾಲ್ಕು ಹನಿ ಸೀರಮ್ ಹಚ್ಚಿ ಕಿಣ್ವವನ್ನು ನಿಧಾನ ಮಾಡುತ್ತೀರಿ. ಬೆಳಿಗ್ಗೆ ತೆಳ್ಳಗೆ ಸನ್‌ಸ್ಕ್ರೀನ್ ಸವರಿ ಸ್ಕೂಟಿ ಹತ್ತುತ್ತೀರಿ. ಬಿಸಿಲು ಅದೇ ಕೋಶಗಳಿಗೆ ಇನ್ನೂ ಬಣ್ಣ ಮಾಡು ಎಂದು ಹೇಳುತ್ತದೆ. ಸೀರಮ್‌ನದು ಮೆಲ್ಲನೆಯ ತಡೆ, ಬಿಸಿಲಿನದು ಬಲವಾದ ತಳ್ಳು. ಯಾವುದು ಗೆಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಬಂಗಿನ ವಿಷಯದಲ್ಲಿ ನಾನು ಸನ್‌ಸ್ಕ್ರೀನನ್ನು ಔಷಧಿ ಎಂದೇ ಲೆಕ್ಕ ಹಾಕುತ್ತೇನೆ, ಸೀರಮ್ ಅದಕ್ಕೆ ಜೊತೆ.

ಇನ್ನು ಎಷ್ಟು ದಿನ ಅನ್ನುವ ಮಾತು. ತಳದಲ್ಲಿ ತಯಾರಾದ ಬಣ್ಣ ಸುತ್ತಲಿನ ಚರ್ಮಕೋಶಗಳ ಒಳಗೆ ಸೇರುತ್ತದೆ. ಆ ಕೋಶಗಳು ನಿಧಾನವಾಗಿ ಮೇಲೆ ಬಂದು, ಒಣಗಿ, ಉದುರುತ್ತವೆ. ಇದಕ್ಕೆ ನಾಲ್ಕರಿಂದ ಆರು ವಾರ ಬೇಕು, ವಯಸ್ಸಾದಂತೆ ಇನ್ನೂ ನಿಧಾನ. ಅಂದರೆ ಸೀರಮ್ ಶುರು ಮಾಡಿದ ಮೊದಲ ತಿಂಗಳು ಕನ್ನಡಿಯಲ್ಲಿ ನೀವು ನೋಡುವುದೆಲ್ಲ ಹಳೇ ಬಣ್ಣ. ಸೀರಮ್ ಶುರುವಾಗುವ ಮೊದಲೇ ತಯಾರಾದದ್ದು. ಜೊತೆಗೆ ಸೀರಮ್ ಬಣ್ಣದ ತಯಾರಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ, ಸ್ವಲ್ಪ ಕಡಿಮೆ ಮಾಡುತ್ತದೆ. ಹಾಗಾಗಿ ಒಂದು ಸುತ್ತು ಚರ್ಮ ಬದಲಾದರೆ ಸಾಲದು, ಎರಡು ಮೂರು ಸುತ್ತು ಆಗಬೇಕು. ಬಂಗಿನ ಔಷಧಿಗಳ ಪ್ರಯೋಗಗಳಲ್ಲೂ ಸಾಮಾನ್ಯವಾಗಿ 12 ವಾರ ಕಾಯ್ದೇ ಅಳತೆ ಮಾಡುತ್ತಾರೆ.

ನಿಮ್ಮ ವಿಷಯದಲ್ಲಿ ಕಳೆದ ಆರು ವಾರವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸನ್‌ಸ್ಕ್ರೀನ್ ಪೂರ್ತಿ ಪ್ರಮಾಣದಲ್ಲಿ ಹಚ್ಚಿದ ದಿನ ನಿಮ್ಮ ಮೊದಲ ದಿನ. ಈಗ ಜೂನ್, ಶಾಲೆ ಶುರುವಾಗಿದೆ. ಇವತ್ತಿನಿಂದ ಸರಿಯಾಗಿ ಹಚ್ಚಿದರೆ ಜುಲೈನಲ್ಲಿ ಏನೂ ಕಾಣುವುದಿಲ್ಲ, ಆಗ ಬೇಜಾರು ಮಾಡಿಕೊಂಡು ಬಿಡಬೇಡಿ. ಆಗಸ್ಟ್ ಹೊತ್ತಿಗೆ ಕಲೆಯ ಅಂಚು ಮೊದಲಿನಷ್ಟು ಗೀಟು ಹಾಕಿದ ಹಾಗೆ ಕಾಣದೆ ಸ್ವಲ್ಪ ಕದಡಿದಂತೆ ಕಾಣಬಹುದು. ಸೆಪ್ಟೆಂಬರ್ ಮೊದಲ ವಾರಕ್ಕೆ 12 ವಾರ ಆಗುತ್ತದೆ. ಸರಿಯಾಗಿ ನಡೆದರೆ ಕಲೆ ಒಂದು ಛಾಯೆ ತಿಳಿಯಾಗಿರಬೇಕು. ಪೂರ್ತಿ ಹೋಗಿರುವುದಿಲ್ಲ. ಡಿಸೆಂಬರ್‌ಗೆ ಇನ್ನಷ್ಟು. ನಿಜವಾದ ಪರೀಕ್ಷೆ ಮುಂದಿನ ಮಾರ್ಚ್, ಏಪ್ರಿಲ್. ನಮ್ಮ ಕಡೆ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ. ಆಗಸ್ಟ್‌ನಲ್ಲಿ ಮೋಡ ಇರುತ್ತದಲ್ಲ ಎಂದು ನೆಚ್ಚಬೇಡಿ. ತೆಳು ಮೋಡ ಸೆಕೆಯನ್ನು ತಡೆದಷ್ಟು ನೇರಳಾತೀತ ಕಿರಣಗಳನ್ನು ತಡೆಯುವುದಿಲ್ಲ. ಜೋಗಿಮಟ್ಟಿ ಕಡೆಯಿಂದ ತಣ್ಣನೆ ಗಾಳಿ ಬೀಸುವ ದಿನ ಬಿಸಿಲು ತಾಗಿದ್ದೇ ಗೊತ್ತಾಗುವುದಿಲ್ಲ. ಆದರೆ ಚರ್ಮಕ್ಕೆ ಗೊತ್ತಾಗುತ್ತದೆ.

ಮೂರು ವಾರಕ್ಕೇ ತಿಳಿಯಾದ ಆ ಹಳೇ ಕ್ರೀಮ್ ಬಗ್ಗೆ ಹೇಳಲೇಬೇಕು, ಏಕೆಂದರೆ ನೀವು ಸೀರಮನ್ನು ಅದರ ಜೊತೆ ಹೋಲಿಸುತ್ತಿದ್ದೀರಿ. ಖಾಲಿ ಟ್ಯೂಬ್ ಇನ್ನೂ ಮನೆಯಲ್ಲಿದ್ದರೆ ಹಿಂದೆ ಬರೆದಿರುವುದನ್ನು ಓದಿ. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಜೊತೆಗೆ ಮೊಮೆಟಾಸೋನ್ ಅಥವಾ ಫ್ಲುಓಸಿನೋಲೋನ್ ಇದ್ದರೆ ಅದು ಮೂರು ಔಷಧಿ ಸೇರಿದ ಕ್ರೀಮ್. ಕೊನೆಯದು ಸ್ಟೀರಾಯ್ಡ್. ಇಷ್ಟು ಬೇಗ ತಿಳಿಯಾಗಿ, ಬಿಟ್ಟ ಕೂಡಲೇ ಜಾಸ್ತಿಯಾಗಿ ಬರುವುದು ಬಹುಪಾಲು ಇಂಥ ಕ್ರೀಮ್‌ನಲ್ಲೇ. ಈ ಕ್ರೀಮ್ ತಾನಾಗಿ ಕೆಟ್ಟದ್ದಲ್ಲ. ನಾವೂ ಬರೆದುಕೊಡುತ್ತೇವೆ. ಆದರೆ ರಾತ್ರಿ ಮಾತ್ರ, ಕಲೆ ಇರುವಲ್ಲಿ ಮಾತ್ರ, ಇಂಥ ದಿನ ನಿಲ್ಲಿಸಿ ಎಂದು ಚೀಟಿಯಲ್ಲಿ ಬರೆದು, ನಡುವೆ ಒಮ್ಮೆ ಕರೆದು ಮುಖ ನೋಡಿ. ಸ್ಟೀರಾಯ್ಡ್ ಇರುವ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಕೌಂಟರ್ ಮೇಲೆ ಕೇಳಿದರೆ ಸಿಗುತ್ತದೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಬಂಗು ತೋರಿಸಲು ಬಂದವರ ಮುಖದಲ್ಲಿ ಬಂಗಿಗಿಂತ ಆ ಕ್ರೀಮ್ ಮಾಡಿದ ಗಾಯವನ್ನೇ ಮೊದಲು ವಾಸಿ ಮಾಡಬೇಕಾಗುತ್ತದೆ.

ಹಾಗಾಗಿ ಬೆಳಕಿನಲ್ಲಿ ನಿಂತು ನಿಮ್ಮ ಕೆನ್ನೆಯನ್ನು ಹತ್ತಿರದಿಂದ ನೋಡಿಕೊಳ್ಳಿ. ಕೆಂಪು ದಾರದಂಥ ಸಣ್ಣ ರಕ್ತನಾಳಗಳು ಕಾಣುತ್ತವಾ? ಕೆನ್ನೆ ಮೇಲೆ ಮೊದಲಿಲ್ಲದ ನವಿರು ಕೂದಲು ಬಂದಿದೆಯಾ? ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ ಮುಖ ಕೆಂಪಾಗಿ ಉರಿಯುತ್ತದಾ? ಇವುಗಳಲ್ಲಿ ಯಾವುದಿದ್ದರೂ ಸೀರಮ್ ಕೂಡ ನಿಲ್ಲಿಸಿ, ಬರೀ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಇಟ್ಟುಕೊಂಡು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಇಲ್ಲ ಅಂದರೆ ಮುಂದೆ ಓದಿ.

ಈಗ ಸನ್‌ಸ್ಕ್ರೀನ್ ಯಾವುದು, ಹೇಗೆ ಅನ್ನುವುದು. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ, ಬಂಗಿಗೆ 50 ಒಳ್ಳೆಯದು. ಪಕ್ಕದಲ್ಲಿ ಪಿಎ ಎಂದು ಬರೆದು ಪ್ಲಸ್ ಗುರುತು ಹಾಕಿರುತ್ತಾರೆ, ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಎಸ್‌ಪಿಎಫ್ ಮುಖ್ಯವಾಗಿ ಚರ್ಮ ಸುಡುವ ಕಿರಣಕ್ಕೆ. ಪಿಎ ಅನ್ನುವುದು ಕಿಟಕಿ ಗಾಜಿನ ಮೂಲಕವೂ ಬರುವ ಯುವಿಎ ಕಿರಣಕ್ಕೆ. ಕ್ಲಾಸ್ ಒಳಗೆ ಇದ್ದರೂ ಕಿಟಕಿ ಪಕ್ಕದ ಮೇಜಿನಲ್ಲಿ ಕೂತರೆ ನಿಮಗೆ ಇದು ತಾಗುತ್ತಲೇ ಇರುತ್ತದೆ. ಮೇಜನ್ನು ಕಿಟಕಿಯಿಂದ ದೂರ ಎಳೆದುಕೊಳ್ಳಿ. ಸುಲಭದ ಕೆಲಸ, ದುಡ್ಡು ಬೇಡ.

ಬಂಗಿಗೆ ಇನ್ನೊಂದು ವಿಶೇಷ ಇದೆ, ಇದನ್ನು ಸೀರಮ್ ಮಾರುವವರು ಹೇಳುವುದಿಲ್ಲ. ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆಣಕುತ್ತದೆ, ಅದರಲ್ಲೂ ನೀಲಿ ಭಾಗ. ಹಚ್ಚಿದರೆ ಮಾಯವಾಗುವ, ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದು ಬಹಳ ಕಡಿಮೆ. ಕಣ್ಣಿಗೆ ಕಾಣದಷ್ಟು ಪಾರದರ್ಶಕವಾಗಿದ್ದರೆ ಬೆಳಕು ಒಳಗೆ ಹೋಗುತ್ತಿದೆ ಎಂದೇ ಅರ್ಥ, ಅಲ್ವಾ? ಇದನ್ನು ತಡೆಯುವುದು ಐರನ್ ಆಕ್ಸೈಡ್. ಚರ್ಮದ ಬಣ್ಣ ಬೆರೆಸಿದ ಟಿಂಟೆಡ್ ಸನ್‌ಸ್ಕ್ರೀನ್‌ನಲ್ಲಿ ಇದು ಇರುತ್ತದೆ. ಪ್ಯಾಕ್ ಹಿಂದೆ ಐರನ್ ಆಕ್ಸೈಡ್ ಎಂದಾದರೂ, 77491, 77492, 77499 ಅನ್ನುವ ಸಂಖ್ಯೆಗಳಾದರೂ ಇವೆಯಾ ನೋಡಿ. ಬಂಗಿದ್ದವರಲ್ಲಿ ಎರಡೂ ಬಗೆಯನ್ನು ಹೋಲಿಸಿ ನೋಡಿದಾಗ ಐರನ್ ಆಕ್ಸೈಡ್ ಇದ್ದದ್ದೇ ಮೇಲುಗೈ ಆಗಿದೆ. ನಿಮ್ಮ ಬಣ್ಣಕ್ಕೆ ಹೊಂದುವ ಛಾಯೆ ಸಿಗದಿದ್ದರೆ ಸಾದಾ ಸನ್‌ಸ್ಕ್ರೀನ್ ಪೂರ್ತಿ ಹಚ್ಚಿ, ಅದರ ಮೇಲೆ ಐರನ್ ಆಕ್ಸೈಡ್ ಇರುವ ಫೌಂಡೇಶನ್ ಅಥವಾ ಕಾಂಪ್ಯಾಕ್ಟ್ ಹಾಕಿ. ಅದೂ ನಡೆಯುತ್ತದೆ.

ಪ್ರಮಾಣಕ್ಕೆ ತಕ್ಕಡಿ ಬೇಡ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಒಂದೊಂದು ಉದ್ದ ಗೆರೆ ಹಿಂಡಿ. ಮುಖಕ್ಕೂ ಕುತ್ತಿಗೆಗೂ ಸೇರಿ ಅಷ್ಟು. ಒಮ್ಮೆಗೇ ಹಚ್ಚಿದರೆ ಬೆಳ್ಳಗೆ ಅಂಟಂಟಾಗಿ ಕೂರುತ್ತದೆ. ಮೊದಲು ಒಂದು ಬೆರಳಿನದು ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು ಬೆರಳಿನದು ಹಚ್ಚಿ. ಮೇಲ್ದುಟಿ, ಕಿವಿ ಮುಂದಿನ ಕೆನ್ನೆ, ಕಣ್ಣಿನ ಕೆಳಗಿನ ಮೂಳೆ, ಈ ಮೂರು ಜಾಗ ಸಾಮಾನ್ಯವಾಗಿ ತಪ್ಪಿಹೋಗುತ್ತವೆ. ನಿಮ್ಮ ಬಂಗು ಇರುವುದೂ ಹೆಚ್ಚು ಕಡಿಮೆ ಅಲ್ಲೇ. ಹೀಗೆ ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ ಮೂರು ವಾರ ಬಂದರೆ ಹೆಚ್ಚು. ಖರ್ಚು ಜಾಸ್ತಿ, ಗೊತ್ತು. ಅದಕ್ಕೇ ಎರಡನೇ ಸೀರಮ್‌ಗೆ ಇಟ್ಟ ದುಡ್ಡನ್ನು ಸನ್‌ಸ್ಕ್ರೀನ್‌ಗೆ ಹಾಕಿ ಎನ್ನುತ್ತೇನೆ. ದುಬಾರಿ ಬ್ರ್ಯಾಂಡನ್ನು ಉಳಿಸಿ ಉಳಿಸಿ ಹಚ್ಚುವುದಕ್ಕಿಂತ ಕಡಿಮೆ ಬೆಲೆಯದನ್ನು ಧಾರಾಳವಾಗಿ ಹಚ್ಚುವುದು ಎಷ್ಟೋ ಮೇಲು.

ನಿಮ್ಮ ಬೆಳಿಗ್ಗೆಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಬೇಕು. ಅಡುಗೆಗೆ ಮೊದಲು ಸನ್‌ಸ್ಕ್ರೀನ್ ಹಚ್ಚಬೇಡಿ. ರೊಟ್ಟಿ ತಟ್ಟಿ, ಡಬ್ಬಿ ಕಟ್ಟುವಷ್ಟರಲ್ಲಿ ಬೆವರಿಗೆ ಅರ್ಧ ಹೋಗಿರುತ್ತದೆ. ಒಲೆಯ ಶಾಖವೂ ಬಂಗನ್ನು ಕೆಣಕುತ್ತದೆ. ಇಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಕ್ಕಳು ಬಿಸಿಲಿಗೇ ಹೋಗದಿದ್ದರೂ ಬಂಗು ಹೊತ್ತು ಬರುವುದನ್ನು ನೋಡುತ್ತೇನೆ. ಅಡುಗೆ ಮುಗಿಸಿ, ಮುಖ ತೊಳೆದು, ಒರೆಸಿ, ರಾತ್ರಿಯ ಹಾಗೇ ಬೆಳಿಗ್ಗೆಯೂ ಆಲ್ಫಾ ಆರ್ಬುಟಿನ್ ಮೂರು ನಾಲ್ಕು ಹನಿ ಹಚ್ಚಿ. ಕಲೆ ಇರುವ ಜಾಗಕ್ಕೂ ಅದರ ಸುತ್ತಲೂ ತೆಳುವಾಗಿ ಹರಡಿದರೆ ಸಾಕು. ಚರ್ಮ ಒಣಗಿದ್ದು ಅನಿಸಿದರೆ ಮೇಲೆ ಮಾಯಿಶ್ಚರೈಸರ್. ಸೀರೆ ಉಟ್ಟು ತಲೆ ಬಾಚುವಷ್ಟರಲ್ಲಿ ಅದು ಒಣಗಿರುತ್ತದೆ. ಕೊನೆಗೆ ಸನ್‌ಸ್ಕ್ರೀನ್, ಮನೆ ಬಿಡುವ ಕಾಲು ಗಂಟೆ ಮೊದಲು. ಸನ್‌ಸ್ಕ್ರೀನ್ ಮೇಲೆ ಸೀರಮ್ ಹಚ್ಚಿದರೆ ಎರಡೂ ಹಾಳು.

ಹೆಲ್ಮೆಟ್ ಗಾಜು ಇಳಿಸಿಕೊಂಡರೂ ಸಾಲದು, ಕಾಣುವ ಬೆಳಕು ಬಂದೇ ಬರುತ್ತದೆ. ಒತ್ತಾಗಿ ನೇಯ್ದ ಗಾಢ ಬಣ್ಣದ ಕಾಟನ್ ದುಪಟ್ಟಾದಿಂದ ಮುಖ ಸುತ್ತಿಕೊಳ್ಳಿ. ಎತ್ತಿ ಹಿಡಿದು ನೋಡಿದರೆ ಆಚೆ ಕಡೆ ಕಾಣುವಷ್ಟು ತೆಳುವಾದದ್ದರಿಂದ ಉಪಯೋಗ ಕಡಿಮೆ. ಪ್ರಾರ್ಥನೆಗೆ ಅಂಗಳದಲ್ಲಿ ನಿಲ್ಲುವಾಗ ಮರದ ಅಥವಾ ಕಟ್ಟಡದ ನೆರಳಿರುವ ಕಡೆ ನಿಲ್ಲಿ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಬೆವರನ್ನು ಕರ್ಚೀಫಿನಿಂದ ಉಜ್ಜದೆ ಒತ್ತಿ ಒರೆಸಿ, ಎರಡನೇ ಸಲ ಹಚ್ಚಿ. ಆಟದ ಪೀರಿಯಡ್ ಅಂತ ಬಯಲಿನಲ್ಲಿ ನಿಲ್ಲುವ ದಿನ ಎರಡು ಗಂಟೆಗೊಮ್ಮೆ. ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ ಒಳಗೆ ಕಾದು ಕಾದು ಕ್ರೀಮ್ ಒಡೆಯುತ್ತದೆ. ಹಿಂಡಿದಾಗ ಮೊದಲು ನೀರು ನೀರಾಗಿ ಎಣ್ಣೆ ಬಂದು, ಆಮೇಲೆ ಗಟ್ಟಿ ಮುದ್ದೆ ಬಂದರೆ ಅದನ್ನು ಬಿಸಾಕಿ.

ಇನ್ನು ನೀವು ಕೇಳಿದ ಬೇರೆ ಬೇರೆ ಪದಾರ್ಥಗಳು. ನಿಯಾಸಿನಮೈಡ್ ಕೆಲಸ ಮಾಡುವುದು ಬೇರೆ ಹಂತದಲ್ಲಿ. ತಯಾರಾದ ಬಣ್ಣ ಸುತ್ತಲಿನ ಕೋಶಗಳಿಗೆ ಸಾಗುವುದನ್ನು ಅದು ಕಡಿಮೆ ಮಾಡುತ್ತದೆ. ಹಾಗಾಗಿ ಆರ್ಬುಟಿನ್ ಜೊತೆ ಚೆನ್ನಾಗಿ ಹೊಂದುತ್ತದೆ. 4ರಿಂದ 5% ಸಾಕು. ನಿಮ್ಮ ಸೀರಮ್ ಅಥವಾ ಮಾಯಿಶ್ಚರೈಸರ್‌ನಲ್ಲಿ ಅದು ಈಗಾಗಲೇ ಇರಬಹುದು, ಪ್ಯಾಕ್ ಓದಿ ನೋಡಿ. ಇದ್ದರೆ ಬೇರೆ ಬಾಟಲಿ ಏಕೆ? ವಿಟಮಿನ್ ಸಿ ಒಳ್ಳೆಯದೇ, ಆದರೆ ಗಾಳಿಗೂ ಬಿಸಿಗೂ ಬೇಗ ಕೆಡುತ್ತದೆ. ದುರ್ಗದ ಬೇಸಿಗೆಯಲ್ಲಿ ಬಾಟಲಿ ತೆರೆದು ಇಟ್ಟರೆ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಅದನ್ನು ಹಚ್ಚಿ ಪ್ರಯೋಜನವಿಲ್ಲ. ನಿಮಗೆ ಈಗ ಬೇಡ. ಟ್ರಾನೆಕ್ಸಾಮಿಕ್ ಆಸಿಡ್ ಹಚ್ಚುವ ಸೀರಮ್ ರೂಪದಲ್ಲಿ ಸೌಮ್ಯ, ಪರಿಣಾಮವೂ ಸೌಮ್ಯ. ಆದರೆ ಅದೇ ಹೆಸರಿನ ಮಾತ್ರೆಯನ್ನು ಯಾರೋ ಹೇಳಿದರು ಅಂತ ಸುಮ್ನೆ ತಂದು ನುಂಗಬೇಡಿ. ಅದು ರಕ್ತಸ್ರಾವ ನಿಲ್ಲಿಸುವ ಮಾತ್ರೆ. ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ಬಂಗಿಗೆ ಅದನ್ನು ಕೊಡುವುದುಂಟು, ಹಿಂದಿನ ಕಾಯಿಲೆಗಳನ್ನೆಲ್ಲ ಕೇಳಿ ತಿಳಿದು ಡಾಕ್ಟರೇ ಕೊಡಬೇಕು.

ಅಂದ ಹಾಗೆ ನೀವು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಹೌದಾದರೆ ಅದೂ ಬಂಗನ್ನು ಹಿಡಿದಿಟ್ಟುಕೊಂಡಿರಬಹುದು. ಬೇರೆ ವಿಧಾನ ಇದೆಯಾ ಎಂದು ನಿಮ್ಮ ಹೆರಿಗೆ ಡಾಕ್ಟರನ್ನು ಕೇಳಿ, ನೀವಾಗೇ ನಿಲ್ಲಿಸಬೇಡಿ.

ಒಂದನ್ನು ಸೇರಿಸಲೇಬೇಕು ಅಂದರೆ ನಾನು ಆರಿಸುವುದು ಅಝೆಲಾಯಿಕ್ ಆಸಿಡ್. ನಮ್ಮ ಸೀರಮ್ ಜಾಹೀರಾತುಗಳಲ್ಲಿ ಇದರ ಹೆಸರು ಅಷ್ಟು ಕೇಳುವುದಿಲ್ಲ, ಆದರೆ ಬಂಗಿಗೆ ಇದರ ಪುರಾವೆ ಆಲ್ಫಾ ಆರ್ಬುಟಿನ್‌ಗಿಂತ ಗಟ್ಟಿ. ಆರ್ಬುಟಿನ್ ಮೇಲೆ ಆಗಿರುವ ಪ್ರಯೋಗಗಳು ಸಣ್ಣವು. ಅಝೆಲಾಯಿಕ್ ಆಸಿಡನ್ನು ಹೈಡ್ರೋಕ್ವಿನೋನ್ ಜೊತೆಗೇ ಹೋಲಿಸಿ ನೋಡಿದ್ದಾರೆ, ಚೆನ್ನಾಗಿ ನಿಂತಿದೆ. ಗರ್ಭಿಣಿಯರಿಗೂ ಕೊಡಬಹುದಾದ ಕೆಲವೇ ಔಷಧಿಗಳಲ್ಲಿ ಇದೂ ಒಂದು. 10, 15, 20% ಹೀಗೆ ಸಿಗುತ್ತದೆ. ನೀವು 10%ನಿಂದ ಶುರು ಮಾಡಿ, ಅದೂ ಜುಲೈನಲ್ಲಿ. ಅಷ್ಟರೊಳಗೆ ನಾಲ್ಕು ವಾರ ಸೀರಮ್, ಸನ್‌ಸ್ಕ್ರೀನ್ ಎರಡೇ ಹಚ್ಚಿ, ಮುಖ ತಣ್ಣಗಿದೆ ಅನ್ನುವುದು ಖಾತ್ರಿಯಾಗಲಿ. ಆಮೇಲೆ ರಾತ್ರಿ ಹೊತ್ತು, ದಿನ ಬಿಟ್ಟು ದಿನ, ಕಡಲೆಕಾಳಿನಷ್ಟು. ಆ ರಾತ್ರಿ ಆರ್ಬುಟಿನ್ ಬೇಡ, ಬೆಳಿಗ್ಗೆ ಹಚ್ಚಿದ್ದೇ ಸಾಕು. ಮೊದಲ ಎರಡು ವಾರ ಹಚ್ಚಿದ ಸ್ವಲ್ಪ ಹೊತ್ತು ತುರಿಕೆ, ಚುರುಚುರು ಅನ್ನುವುದು ಸಹಜ.

ಯಾವುದು ಸಹಜ, ಯಾವುದು ಅಲ್ಲ ಎಂದು ತಿಳಿಯುವುದು ಇಲ್ಲಿ ಬಹಳ ಮುಖ್ಯ. ನಮ್ಮ ಬಣ್ಣದ ಚರ್ಮದಲ್ಲಿ ಕೆರಳಿಕೆಯೇ ಹೊಸ ಕಲೆ ಮಾಡುತ್ತದೆ. ಕಲೆ ಹೋಗಲಿ ಎಂದು ನಾಲ್ಕು ಸೀರಮ್ ಒಟ್ಟಿಗೆ ಹಚ್ಚಿ, ಅದರ ಉರಿಯಿಂದಲೇ ಮುಖ ಇನ್ನಷ್ಟು ಕಪ್ಪಾಗಿ ಬರುವವರು ತುಂಬಾ ಜನ. ಚುರುಚುರು ಹತ್ತು ನಿಮಿಷದಲ್ಲಿ ಹೋದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಬರೀ ನೀರು ಹಾಕಿದರೂ ಉರಿದರೆ, ಚರ್ಮ ಬಿಗಿದು ಪ್ಲಾಸ್ಟಿಕ್ ಹಾಗೆ ಹೊಳೆದರೆ, ಮೂಗಿನ ಪಕ್ಕ ಹೊಟ್ಟು ಎದ್ದರೆ, ಕಲೆಯ ಸುತ್ತ ಕೆಂಪು ಮಿಶ್ರಿತ ಕಂದು ಕಂಡರೆ ಎಲ್ಲ ನಿಲ್ಲಿಸಿ. ಎರಡು ವಾರ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಎರಡೇ. ಆಮೇಲೆ ಆರ್ಬುಟಿನ್ ಒಂದನ್ನೇ ವಾಪಸ್ ತನ್ನಿ. ನಿಂಬೆರಸ, ಪಾರ್ಲರ್ ಬ್ಲೀಚ್, ಒರಟು ಸ್ಕ್ರಬ್ ಇವುಗಳ ಹತ್ತಿರ ಹೋಗಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಿ ತಿಂಗಳುಗಟ್ಟಲೆ ಕಲೆ ಉಳಿಯುತ್ತದೆ.

2% ಕೆಲಸ ಮಾಡದಿದ್ದರೆ 5% ತರೋಣ ಅನ್ನುವ ಯೋಚನೆಯೂ ಬರಬಹುದು. ಬೇಡ. ಆಲ್ಫಾ ಆರ್ಬುಟಿನ್ ಅಂದರೆ ಹೈಡ್ರೋಕ್ವಿನೋನ್‌ಗೆ ಒಂದು ಸಕ್ಕರೆಯ ಅಣು ಅಂಟಿಸಿದ್ದು. ಆ ಸಕ್ಕರೆ ಕಳಚಿದರೆ ಉಳಿಯುವುದು ಹೈಡ್ರೋಕ್ವಿನೋನ್. ಇದೇ ಕಾರಣಕ್ಕೆ ಯುರೋಪಿನಲ್ಲಿ 2024ರಲ್ಲಿ ನಿಯಮ ಮಾಡಿ ಮುಖದ ಕ್ರೀಮ್‌ಗಳಲ್ಲಿ 2%, ಮೈಗೆ ಹಚ್ಚುವ ಲೋಷನ್‌ಗಳಲ್ಲಿ 0.5% ದಾಟಬಾರದು ಎಂದು ಮಿತಿ ಹಾಕಿದ್ದಾರೆ. ಆರ್ಬುಟಿನ್ ಇರುವ ಸೀರಮ್, ಆರ್ಬುಟಿನ್ ಇರುವ ಕ್ರೀಮ್ ಎರಡನ್ನೂ ಒಂದರ ಮೇಲೊಂದು ಹಚ್ಚುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಬಸುರಿಯಾಗುವ ಯೋಚನೆ ಇದ್ದರೆ ಆರ್ಬುಟಿನ್ ನಿಲ್ಲಿಸಿ.

ಫಲಿತಾಂಶ ನೋಡಲು ಕನ್ನಡಿ ನಂಬಬೇಡಿ. ದಿನಾ ನೋಡುವ ಮುಖದಲ್ಲಿ ಬದಲಾವಣೆ ಗೊತ್ತಾಗುವುದಿಲ್ಲ. ಇವತ್ತೇ ಒಂದು ಫೋಟೋ ತೆಗೆಸಿಕೊಳ್ಳಿ. ಸೆಲ್ಫಿ ಕ್ಯಾಮೆರಾ ಬೇಡ, ಅದು ತಾನಾಗಿ ಮುಖವನ್ನು ನುಣುಪು ಮಾಡುತ್ತದೆ. ಹಿಂದಿನ ಕ್ಯಾಮೆರಾದಲ್ಲಿ, ಬ್ಯೂಟಿ ಮೋಡ್ ತೆಗೆದು, ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ಕಿಟಕಿಗೆ ಮುಖ ಮಾಡಿ, ಎಡ, ಬಲ, ಮುಂದೆ ಮೂರು ಫೋಟೋ. ಮುಖ ತೊಳೆದು ಒರೆಸಿರಬೇಕು, ಏನೂ ಹಚ್ಚಿರಬಾರದು. ನಾಲ್ಕು ವಾರಕ್ಕೊಮ್ಮೆ ಹೀಗೇ ತೆಗೆಸಿ. ಮೊದಲನೆಯದನ್ನೂ ಮೂರು ತಿಂಗಳ ನಂತರದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಕಲೆಗೂ ಪಕ್ಕದ ಚರ್ಮಕ್ಕೂ ಇರುವ ವ್ಯತ್ಯಾಸ ಕಡಿಮೆಯಾಗಿದೆಯಾ ಎಂದು. ಮುಖ ಪೂರ್ತಿ ಬೆಳ್ಳಗಾಗಿದೆಯಾ ಎಂದು ನೋಡುವುದಲ್ಲ. ಅದು ಈ ಸೀರಮ್‌ನ ಕೆಲಸವೂ ಅಲ್ಲ, ಬೇಕಾಗಿಯೂ ಇಲ್ಲ.

ಸೆಪ್ಟೆಂಬರ್‌ನಲ್ಲಿ ವ್ಯತ್ಯಾಸ ಕಂಡರೆ ಹಾಗೇ ಡಿಸೆಂಬರ್‌ವರೆಗೆ ಮುಂದುವರಿಸಿ. ಆಮೇಲೆ ಆರ್ಬುಟಿನ್ ದಿನಕ್ಕೆ ಒಂದೇ ಸಲ ಸಾಕು, ಸನ್‌ಸ್ಕ್ರೀನ್ ಮಾತ್ರ ಹಾಗೇ ಇರಲಿ. ಬಂಗಿನ ಪ್ರವೃತ್ತಿ ಚರ್ಮದಲ್ಲಿ ಉಳಿದೇ ಇರುತ್ತದೆ, ಒಂದು ಜಾತ್ರೆಗೆ ಇಡೀ ದಿನ ಬಿಸಿಲಲ್ಲಿ ನಿಂತು ಬಂದರೆ ಮತ್ತೆ ಗಾಢವಾಗಬಹುದು. ಆಗ ಗಾಬರಿಯಾಗಿ ಹಳೇ ಮೆಡಿಕಲ್ ಶಾಪ್ ಕ್ರೀಮ್‌ಗೆ ಓಡಬೇಡಿ, ಇದೇ ಕ್ರಮ ಮತ್ತೆ ಶುರು ಮಾಡಿ.

ಟ್ಯೂಬ್ ಮೂರು ವಾರಕ್ಕೆ ಖಾಲಿಯಾಗುತ್ತಿದ್ದೂ 12 ವಾರಕ್ಕೆ ಫೋಟೋದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲದಿದ್ದರೆ ದಸರಾ ರಜೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ. ಬಣ್ಣ ಒಳಪದರಕ್ಕೆ ಇಳಿದಿರಬಹುದು. ಅಲ್ಲಿಗೆ ಯಾವ ಸೀರಮ್ಮೂ ಸರಿಯಾಗಿ ಮುಟ್ಟುವುದಿಲ್ಲ. ಕಲೆ ಕಂದು ಬಣ್ಣ ಬಿಟ್ಟು ಬೂದಿ ಅಥವಾ ನೀಲಿ ಛಾಯೆಗೆ ಇದ್ದರೆ, ಹಣೆ ಅಂಚಿನಲ್ಲಿ, ಕಿವಿ ಹಿಂದೆ, ಕುತ್ತಿಗೆಗೆ ಹರಡಿದ್ದರೆ 12 ವಾರ ಕಾಯಲೂ ಬೇಡಿ. ಅದು ಬಂಗು ಅಲ್ಲದೆ ಇರಬಹುದು. ತಲೆಗೆ ಹಚ್ಚುವ ಡೈ ಒಗ್ಗದೆ ಹೀಗಾಗುವುದುಂಟು, ಕುಂಕುಮ ಒಗ್ಗದೆ ಹಣೆ ಕಪ್ಪಾಗುವುದೂ ಉಂಟು. ಹೋಗುವಾಗ ಮುಖಕ್ಕೂ ತಲೆಗೂ ಹಚ್ಚುವ ಎಲ್ಲ ಟ್ಯೂಬ್, ಬಾಟಲಿ, ಡೈ ಪ್ಯಾಕೆಟ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಆ ಹಳೇ ಕ್ರೀಮ್‌ನ ಖಾಲಿ ಟ್ಯೂಬ್ ಸಮೇತ.